ಒಂದು ಸ್ಲೈಡ್‌ನಲ್ಲಿ ಕಣ್ಣು ಮೊದಲು ಎಲ್ಲಿಗೆ ಹೋಗ್ಬೇಕು: ನಾನು ಜೋಡಿಸಿದ ರೀತಿ

ಆರ್ಡರ್ ಬಂದಾಗಿಂದ ಗ್ರಾಹಕರ ಕೈ ಸೇರೋವರೆಗೆ ಸರಾಸರಿ 52 ಗಂಟೆ ಹಿಡೀತಿತ್ತು, ಅದ್ರಲ್ಲಿ ಪ್ಯಾಕಿಂಗ್ ಒಂದಕ್ಕೇ 31 ಗಂಟೆ. ಮೀಟಿಂಗ್‌ನಲ್ಲಿ ಕೇಳಬೇಕಿದ್ದದ್ದು ಪ್ಯಾಕಿಂಗ್‌ಗೆ ಇನ್ನೊಂದು ಶಿಫ್ಟ್. ನನ್ನ ಕೈಗೆ ಬಂದ ಸ್ಲೈಡ್‌ನಲ್ಲಿ ಇದೆಲ್ಲಾ ಇತ್ತು, ಏನೂ ಬಿಟ್ಟಿರ್ಲಿಲ್ಲ. ಮೇಲೆ 24 ಪಾಯಿಂಟ್‌ನಲ್ಲಿ "ಆರ್ಡರ್ ಸ್ಟೇಟಸ್ ರಿಪೋರ್ಟ್" ಅಂತ ಟೈಟಲ್, ಎಡಗಡೆ 20 ಪಾಯಿಂಟ್‌ನಲ್ಲಿ ಆರು ಬುಲೆಟ್, ಬಲಗಡೆ ನಾಲ್ಕು ಬಣ್ಣದ ಬಾರ್ ಚಾರ್ಟ್, ಮೂಲೆಯಲ್ಲಿ ಲೋಗೋ. ನೋಡಿದ ತಕ್ಷಣ ಕಣ್ಣು ಹೋಗ್ತಿದ್ದದ್ದು ಕಿತ್ತಳೆ ಬಣ್ಣದ ಬಾರ್‌ಗೆ, ಅದು ಪಿಕಪ್‌ಗೆ ಕಾಯೋ 6 ಗಂಟೆ, ಅದಕ್ಕೂ ನಾವು ಹೇಳೋ ವಿಷಯಕ್ಕೂ ಸಂಬಂಧಾನೇ ಇಲ್ಲ.

ಸಾಫ್ಟ್‌ವೇರ್ ಮುಟ್ಟೋಕೆ ಮುಂಚೆ ಹಾಳೆ ಮೇಲೆ ಓದೋ ಕ್ರಮ ಬರ್ಕೊಂಡೆ. ಮೊದಲು 31 ಗಂಟೆ, ಆಮೇಲೆ ಉಳಿದ ಹಂತಗಳ ಜೊತೆ ಅದರ ಹೋಲಿಕೆ, ಕೊನೆಗೆ ಶಿಫ್ಟ್ ಬೇಕು ಅನ್ನೋ ಮಾತು. ಈ ಕ್ರಮ ಬರೆಯೋಕೆ ಆಗ್ಲಿಲ್ಲ ಅಂದ್ರೆ ಅದು ಡಿಸೈನ್ ಸಮಸ್ಯೆ ಅಲ್ಲ, ಒಂದೇ ಸ್ಲೈಡ್‌ನಲ್ಲಿ ಎರಡು ವಿಷಯ ತುರುಕಿದೀವಿ ಅಂತ ಅರ್ಥ, ಆಗ ಸ್ಲೈಡ್ ಒಡೆಯೋದೇ ವಾಸಿ.

ಸೈಜ್ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. 24ಕ್ಕೂ 20ಕ್ಕೂ ಇರೋ ವ್ಯತ್ಯಾಸ ಕೂತು ಟೈಪ್ ಮಾಡೋರಿಗೆ ಕಾಣುತ್ತೆ, ಹಿಂದಿನ ಸಾಲಲ್ಲಿ ಕೂತೋರಿಗೆ ಎರಡೂ ಒಂದೇ. ಒಂದು ಮಟ್ಟದಿಂದ ಇನ್ನೊಂದಕ್ಕೆ ಕಡಿಮೆ ಅಂದ್ರೂ ಒಂದೂವರೆ ಪಟ್ಟು ಇರ್ಲೇಬೇಕು ಅಂತ ಇಟ್ಕೊಂಡಿದೀನಿ. ಇಲ್ಲಿ "31" 80 ಪಾಯಿಂಟ್, ಟೈಟಲ್ 32, ಚಾರ್ಟ್ ಲೇಬಲ್ ಮತ್ತು ಉಳಿದ ಮಾತು 18, ಡೇಟಾ ಎಲ್ಲಿಂದ ಬಂತು ಅನ್ನೋ ಸಾಲು 12, ಅಷ್ಟೇ. ಟೈಟಲ್ ಕೂಡ "ಅರ್ಧಕ್ಕಿಂತ ಹೆಚ್ಚು ಸಮಯ ಪ್ಯಾಕಿಂಗ್‌ನಲ್ಲೇ ಹೋಗ್ತಿದೆ" ಅಂತ ಪೂರ್ತಿ ವಾಕ್ಯ ಮಾಡಿದೆ, ಯಾಕಂದ್ರೆ ದೊಡ್ಡ ನಂಬರ್ ನೋಡಿದ ಕಣ್ಣು ತಕ್ಷಣ "ಏನಿದು 31" ಅಂತ ಹುಡುಕುತ್ತೆ, ಉತ್ತರ ಅಲ್ಲೇ ಹತ್ರ ಸಿಗ್ಬೇಕು. ಅದಕ್ಕೇ "ಗಂಟೆ" ಅನ್ನೋದನ್ನ ನಂಬರ್ ಪಕ್ಕದಲ್ಲೇ 32ರಲ್ಲಿ ಇಟ್ಟೆ, ಕೆಳಗೆ ಎಲ್ಲೋ ಅಲ್ಲ.

ಜಾಗದ ವಿಷಯ ಇದಕ್ಕಿಂತ ಸೂಕ್ಷ್ಮ. ಎಡಗಡೆ ಮೂರನೇ ಒಂದು ಭಾಗದಲ್ಲಿ ನಂಬರ್, ಬಲಗಡೆ ಚಾರ್ಟ್, ಶಿಫ್ಟ್ ಬೇಕು ಅನ್ನೋ ಸಾಲು ನಂಬರ್ ಕೆಳಗೆ ಅಂತ ಮೊದಲು ಜೋಡಿಸಿದ್ದೆ. ಸ್ಲೈಡ್ ನೋಡೇ ಇರದ ಒಬ್ರಿಗೆ ಮೂರು ಸೆಕೆಂಡ್ ತೋರಿಸಿ ಮುಚ್ಚಿ, ಏನೇನು ಯಾವ ಕ್ರಮದಲ್ಲಿ ಕಂಡ್ತು ಅಂತ ಕೇಳ್ದೆ. ನಂಬರ್, ಆಮೇಲೆ ಶಿಫ್ಟ್ ಅಂದ್ರು, ಚಾರ್ಟ್ ಗಮನಕ್ಕೇ ಬಂದಿರ್ಲಿಲ್ಲ. ಎಡದಿಂದ ಬಲಕ್ಕೆ ಓದೋ ಅಭ್ಯಾಸ ಇದ್ರೂ ಕಣ್ಣು ಮೊದಲು ಹಾರೋದು ಹತ್ರ ಇರೋದಕ್ಕೆ. ಶಿಫ್ಟ್ ಸಾಲನ್ನ ಚಾರ್ಟ್ ಕೆಳಗೆ, ಬಲ ಕೆಳಮೂಲೆಗೆ ತಗೊಂಡು ಹೋದೆ, ಆಮೇಲೆ ಬೇರೆಯೋರಿಗೆ ತೋರಿಸಿದಾಗ ನಂಬರ್, ಚಾರ್ಟ್, ಶಿಫ್ಟ್ ಅಂತ ಸರಿಯಾಗಿ ಬಂತು. (ಮೊದಲ್ನೇ ಸಲ ನೋಡಿದೋರನ್ನೇ ಮತ್ತೆ ಕೇಳ್ಬೇಡಿ, ಅವ್ರಿಗೆ ಆಗ್ಲೇ ಗೊತ್ತಿರುತ್ತೆ.)

ಖಾಲಿ ಜಾಗಾನೂ ಇದೇ ಕೆಲಸ ಮಾಡೋದು. "31 ಗಂಟೆ"ಗೂ ಅದರ ಕೆಳಗಿನ "ಪ್ಯಾಕಿಂಗ್" ಅನ್ನೋ ಪದಕ್ಕೂ ಮಧ್ಯೆ ಕಾಲು ಇಂಚೂ ಇಲ್ಲ, ಆ ಗುಂಪಿಗೂ ಚಾರ್ಟ್‌ಗೂ ಮಧ್ಯೆ ಹತ್ತಿರ ಹತ್ತಿರ ಒಂದು ಇಂಚು. ಒಳಗಿನ ಅಂತರ ಹೊರಗಿನದಕ್ಕಿಂತ ಸ್ಪಷ್ಟವಾಗಿ ಕಡಿಮೆ ಇದ್ರೆ ಬಾಕ್ಸು ಗೆರೆ ಏನೂ ಬೇಡ, ಗುಂಪು ತಾನಾಗೇ ಕಾಣುತ್ತೆ. ನಂಬರ್ ಕೆಳಗೆ ಉಳಿದ ಖಾಲಿ ಜಾಗ ನೋಡಿ "ಇಲ್ಲಿ ಇನ್ನೊಂದು ಪಾಯಿಂಟ್ ಹಾಕ್ಬಹುದಲ್ವಾ" ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ನಾನು ಬಿಡಲ್ಲ, ಅಲ್ಲಿ ಒಂದು ಸಾಲು ಬಂದ್ರೂ ಕಣ್ಣು ಚಾರ್ಟ್ ಬಿಟ್ಟು ಅಲ್ಲಿಗೇ ಇಳಿಯುತ್ತೆ.

ಒಂದು ಎಚ್ಚರಿಕೆ, ಬಣ್ಣ ಈ ಎಲ್ಲಾ ಲೆಕ್ಕಾನೂ ಕೆಡಿಸಬಹುದು. ಸಣ್ಣ ಕೆಂಪು ಚುಕ್ಕೆ ದೊಡ್ಡ ಬೂದು ಅಕ್ಷರನ ಮೀರಿಸುತ್ತೆ, ಅದಕ್ಕೇ ಪ್ಯಾಕಿಂಗ್ ಬಾರ್‌ಗೂ "31"ಕ್ಕೂ ಒಂದೇ ಗಾಢ ಬಣ್ಣ ಕೊಟ್ಟು ಉಳಿದ ಮೂರು ಬಾರ್ ಬೂದು ಮಾಡಿದೆ, ಹಾಗಾಗಿ ನಂಬರ್ ನೋಡಿದ ಕಣ್ಣು ಸೀದಾ ಆ ಬಾರ್‌ಗೆ ಹೋಗುತ್ತೆ. ಲೋಗೋ ಕೊನೇ ಸ್ಲೈಡ್‌ಗೆ ಹೋಯ್ತು.

ಕೊನೆಗೆ ಪವರ್‌ಪಾಯಿಂಟ್‌ನ ಸ್ಲೈಡ್ ಸಾರ್ಟರ್ ವ್ಯೂನಲ್ಲಿ ಚಿಕ್ಕದಾಗಿ ನೋಡ್ತೀನಿ, ಅಕ್ಷರ ಓದೋಕಾಗದಷ್ಟು ಚಿಕ್ಕದಾದಾಗ್ಲೂ ಯಾವುದು ಮೊದಲು ಅಂತ ಗೊತ್ತಾಗ್ಬೇಕು. ಇನ್ನೊಂದು, ಪಠ್ಯ ಜಾಸ್ತಿ ಆದ್ರೆ ಅಕ್ಷರ ತಾನಾಗೇ ಕುಗ್ಗೋ ಆಟೋಫಿಟ್ ಆಫ್ ಮಾಡ್ಬಿಡಿ. ಅದು ಆನ್ ಇದ್ರೆ ಯಾರೋ ಟೈಟಲ್‌ಗೆ ನಾಲ್ಕು ಪದ ಸೇರಿಸಿದ ಕೂಡ್ಲೇ 32 ಇದ್ದದ್ದು ಸದ್ದಿಲ್ದೆ ಚಿಕ್ಕದಾಗಿರುತ್ತೆ, ಟೈಟಲ್‌ಗೂ 18ರ ಮಾತಿಗೂ ಇರೋ ವ್ಯತ್ಯಾಸ ಕಡಿಮೆಯಾಗುತ್ತೆ.