ಶ್ಲೋಕದಲ್ಲಿ ಇಲ್ಲದ್ದು ಅನುವಾದದಲ್ಲಿ ಎಲ್ಲಿಂದ ಬಂತು? ಪತ್ತೆ ಮಾಡೋದು ಹೀಗೆ

ಗೀತೆಯ ಎರಡನೇ ಅಧ್ಯಾಯದ 47ನೇ ಶ್ಲೋಕ ಎಲ್ಲರಿಗೂ ಗೊತ್ತು. ಅದರ ಅರ್ಥ ಕೇಳಿದ್ರೆ ಹೆಚ್ಚುಕಮ್ಮಿ ಹೀಗೆ ಹೇಳ್ತಾರೆ: "ನಿನ್ನ ಕರ್ತವ್ಯ ನೀನು ಮಾಡು, ಫಲ ದೇವರು ಕೊಡ್ತಾನೆ, ಅದರ ಮೇಲೆ ಆಸೆ ಇಟ್ಟುಕೋಬೇಡ." ಓದಿದ್ರೆ ಚೆನ್ನಾಗೇ ಇದೆ, ಆದ್ರೆ ಮೂಲ ಪಕ್ಕದಲ್ಲಿ ಇಟ್ಕೊಂಡು ನೋಡಿದ್ರೆ ದೇವರು ಎಲ್ಲಿದ್ದಾನೆ ಅಂತ ಹುಡುಕಬೇಕಾಗುತ್ತೆ. ಇಂಥ ಡೌಟ್ ಬಂದಾಗ ಏನು ಮಾಡಬೇಕು ಅಂತ ಇದೇ ಶ್ಲೋಕ ಇಟ್ಕೊಂಡು ನೋಡೋಣ. ಸಂಸ್ಕೃತ ಪೂರ್ತಿ ಬರಬೇಕು ಅಂತೇನಿಲ್ಲ, ವಿಭಕ್ತಿ ಅಂದ್ರೆ ಏನು ಅಂತ ಗೊತ್ತಿದ್ದು ಒಂದು ಡಿಕ್ಷನರಿ ಕೈಲಿದ್ರೆ ಸಾಕು.

ಕರ್ಮಣ್ಯೇವಾಧಿಕಾರಸ್ತೇ ಮಾ ಫಲೇಷು ಕದಾಚನ |
ಮಾ ಕರ್ಮಫಲಹೇತುರ್ಭೂರ್ಮಾ ತೇ ಸಂಗೋಽಸ್ತ್ವಕರ್ಮಣಿ ||

ಮೊದಲು ಪದ ಬಿಡಿಸಿ

ಸಂಧಿ ಬಿಡಿಸಿ ಒಂದೊಂದೇ ಪದ ಬರೀರಿ, ಸಾಲಿಗೊಂದರಂತೆ. ಕರ್ಮಣಿ, ಏವ, ಅಧಿಕಾರಃ, ತೇ, ಮಾ, ಫಲೇಷು, ಕದಾಚನ. ಆಮೇಲೆ ಮಾ, ಕರ್ಮಫಲಹೇತುಃ, ಭೂಃ, ಮಾ, ತೇ, ಸಂಗಃ, ಅಸ್ತು, ಅಕರ್ಮಣಿ. ಒಟ್ಟು 15. ಇಲ್ಲಿ ಅವಸರ ಮಾಡಬೇಡಿ, ಯಾಕಂದ್ರೆ ಕೊನೇ ಪದದಲ್ಲಿ ಒಂದು ಗುಂಡಿ ಇದೆ. "ಅಸ್ತ್ವಕರ್ಮಣಿ" ಅನ್ನೋದು ಅಸ್ತು ಮತ್ತು ಅಕರ್ಮಣಿ ಸೇರಿ ಆಗಿರೋದು, ಆ "ಅ" ಕಾಣದೆ ಹೋದ್ರೆ "ಕರ್ಮದಲ್ಲಿ ಸಂಗ ಬೇಡ" ಅಂತ ಓದ್ಕೊಂಡು ಪೂರ್ತಿ ಉಲ್ಟಾ ಅರ್ಥಕ್ಕೆ ಹೋಗ್ತೀರಿ, ಶ್ಲೋಕ ಹೇಳ್ತಿರೋದು ಕೆಲಸ ಮಾಡದೇ ಇರೋದಕ್ಕೆ ಅಂಟ್ಕೋಬೇಡ ಅಂತ.

ಆಮೇಲೆ ಪದದ ಎದುರು ಪದ

ಈಗ ಅನುವಾದದ ಪ್ರತಿ ಪದವನ್ನ ಈ 15ರಲ್ಲಿ ಯಾವುದಾದರೂ ಒಂದರ ಎದುರು ಕೂರಿಸಿ. ಜಾಗ ಸಿಗದ ಪದಗಳಿಗೆ ಪೆನ್ಸಿಲಲ್ಲಿ ಗೀಟು ಹಾಕಿ. ಮೇಲಿನ ಅನುವಾದದಲ್ಲಿ ಮೂರಕ್ಕೆ ಗೀಟು ಬೀಳುತ್ತೆ: ಕರ್ತವ್ಯ, ದೇವರು, ಆಸೆ. ಹಾಗೇ ಮೂಲದ ಕಡೆಯಿಂದಲೂ ನೋಡಿ, ಅದನ್ನ ಎಲ್ಲರೂ ಮರೀತಾರೆ. ಕೊನೇ ಪಾದ, ಅಂದ್ರೆ ಸುಮ್ನೆ ಕೂತ್ಕೊಳ್ಳೋದಕ್ಕೆ ಅಂಟ್ಕೋಬೇಡ ಅನ್ನೋ ಮಾತು, ಅನುವಾದದಲ್ಲಿ ಬಂದೇ ಇಲ್ಲ. ಸೇರಿಸೋ ಅನುವಾದ ಸಾಮಾನ್ಯವಾಗಿ ಏನಾದ್ರೂ ಬಿಟ್ಟೂ ಇರುತ್ತೆ.

ಗೀಟು ಬಿದ್ದ ತಕ್ಷಣ ತಪ್ಪು ಅಂತ ತೀರ್ಮಾನ ಬೇಡ. ಮೊದಲ ಸಾಲಲ್ಲಿ ಕ್ರಿಯಾಪದವೇ ಇಲ್ಲ ನೋಡಿ, ಅನುವಾದಕರು "ಇದೆ" ಅಂತಲೋ "ಇರಲಿ" ಅಂತಲೋ ಹಾಕಲೇಬೇಕು. ಇದಕ್ಕೆ ಅಧ್ಯಾಹಾರ ಅಂತಾರೆ, ವಾಕ್ಯ ಪೂರ್ತಿ ಆಗೋಕೆ ಬೇಕಾದ್ದನ್ನ ಹೊರಗಿಂದ ತಂದ್ಕೊಳ್ಳೋದು. ಅದು ಸೇರಿಸಿದ ಹಾಗೆ ಲೆಕ್ಕ ಅಲ್ಲ. ಪರೀಕ್ಷೆ ಸುಲಭ, ಆ ಪದ ತೆಗೆದ್ರೆ ವಾಕ್ಯ ನಿಲ್ಲುತ್ತಾ ಬೀಳುತ್ತಾ ನೋಡಿ. "ಇದೆ" ತೆಗೆದ್ರೆ ವಾಕ್ಯ ಅರ್ಧಕ್ಕೇ ನಿಲ್ಲುತ್ತೆ, "ದೇವರು ಕೊಡ್ತಾನೆ" ತೆಗೆದ್ರೆ ಉಳಿದ ಮಾತಿಗೆ ಏನೂ ಆಗಲ್ಲ.

ಕನ್ನಡದಲ್ಲೂ ಇರೋ ಪದಾನೇ ಹೆಚ್ಚು ಮೋಸ ಮಾಡೋದು

ನಮಗೆ ಕಷ್ಟ ಇರೋದು ಗೊತ್ತಿಲ್ಲದ ಪದಗಳಲ್ಲಿ ಅಲ್ಲ, ಗೊತ್ತಿರೋ ಪದಗಳಲ್ಲಿ. "ಅಧಿಕಾರ" ಅಂದ ಕೂಡಲೇ ನಮ್ಮ ಕಿವಿಗೆ ಕುರ್ಚಿ, ದರ್ಬಾರು ಕೇಳ್ಸುತ್ತೆ. ಶಾಸ್ತ್ರದ ಸಂಸ್ಕೃತದಲ್ಲಿ, ಅದರಲ್ಲೂ ಮೀಮಾಂಸೆಯಲ್ಲಿ, ಅಧಿಕಾರ ಅಂದ್ರೆ ಒಂದು ಕರ್ಮ ಮಾಡೋಕೆ ಇರೋ ಅರ್ಹತೆ, ಹಕ್ಕು. ಇದನ್ನ "ಕರ್ತವ್ಯ" ಅಂತ ಮಾಡಿದ್ರೆ ಅರ್ಹತೆ ಹೋಗಿ ಹೊಣೆ ಬಂತು, ಎರಡೂ ಒಂದೇ ಅಲ್ಲ. ಡಿಕ್ಷನರಿಲಿ ಹತ್ತು ಅರ್ಥ ಇದ್ರೆ ನಮಗೆ ಬೇಕಾದ್ದನ್ನ ಆರಿಸ್ಕೊಳ್ಳೋದಲ್ಲ, ಪಕ್ಕದಲ್ಲಿ ಯಾವ ವಿಭಕ್ತಿ ಇದೆ ಅಂತ ನೋಡಬೇಕು. ಇಲ್ಲಿ ಕರ್ಮಣಿ, ಫಲೇಷು ಎರಡೂ ಸಪ್ತಮಿ, ಒಂದು ಏಕವಚನ ಒಂದು ಬಹುವಚನ, ಅಂದ್ರೆ "ಇದರಲ್ಲಿ ಹಕ್ಕು, ಅವುಗಳಲ್ಲಿ ಬೇಡ" ಅನ್ನೋ ಜೋಡಿ. ಎರಡೂ ಕಡೆ ಅಧಿಕಾರಕ್ಕೆ ಒಂದೇ ಅರ್ಥ ಕೂರಬೇಕು, "ಫಲಗಳಲ್ಲಿ ಕರ್ತವ್ಯ ಬೇಡ" ಅಂದ್ರೆ ಅರ್ಥವೇ ಆಗಲ್ಲ, ಅಲ್ಲಿಗೆ ಆ ಅನುವಾದ ಕೆಟ್ಟಿತು.

ಹಾಗೇ "ಏವ" ಯಾರಿಗೆ ಅಂಟಿದೆ ನೋಡಿ. ಅದು ಕರ್ಮಣಿ ಆದಮೇಲೆ ಬಂದಿದೆ, "ಕರ್ಮದಲ್ಲಿ ಮಾತ್ರ". ಕೆಲವರು "ನಿನಗೆ ಮಾತ್ರ" ಅಂತ ಬರೀತಾರೆ, ಆಗ ಅರ್ಜುನನಿಗೆ ಬಿಟ್ಟು ಬೇರೆಯವರಿಗೆ ಇಲ್ಲ ಅಂತಾಯ್ತು!

ನನಗೆ ಇಡೀ ಶ್ಲೋಕದಲ್ಲಿ ಇಷ್ಟದ ಜಾಗ ಅಂದ್ರೆ "ಮಾ". ಇದು "ನ" ಅಲ್ಲ. ನ ಅಂದ್ರೆ ಇಲ್ಲ, ಅಲ್ಲ. ಮಾ ಅಂದ್ರೆ ಬೇಡ. ಭೂಃ ಅನ್ನೋ ರೂಪ ನೋಡಿದ್ರೂ ಗೊತ್ತಾಗುತ್ತೆ, "ಅಭೂಃ" ಅನ್ನೋ ಭೂತಕಾಲದ ರೂಪ, ಮಾ ಬಂದಿದ್ದಕ್ಕೆ ಮೊದಲಿನ ಅಕಾರ ಕಳ್ಕೊಂಡು "ಆಗಬೇಡ" ಅನ್ನೋ ನಿಷೇಧ ಆಗಿದೆ. ಹಾಗಾಗಿ "ನಿನಗೆ ಫಲದಲ್ಲಿ ಹಕ್ಕಿಲ್ಲ" ಅನ್ನೋ ಅನುವಾದ ಒಂದು ಸಂಗತಿ ಹೇಳ್ತಿದೆ, ಮೂಲ "ಹಕ್ಕು ಇದೆ ಅಂದ್ಕೋಬೇಡ, ಇರೋದು ಬೇಡ" ಅನ್ನೋ ಬುದ್ಧಿಮಾತು ಹೇಳ್ತಿದೆ. ಇಲ್ಲ, ಬೇಡ ಅಂತ ಎರಡು ಬೇರೆ ಪದ ಕನ್ನಡದಲ್ಲೇ ಇರುವಾಗ ಇದನ್ನ ಯಾಕೆ ಕಳ್ಕೋತೀವೋ ಗೊತ್ತಿಲ್ಲ.

ಉಳಿದಿದ್ದು ಭಾಷ್ಯದಿಂದ ಬಂತಾ?

ಈಗ "ಆಸೆ" ಮತ್ತು "ದೇವರು" ಉಳಿದ್ವು. ಇಲ್ಲಿ ಭಾಷ್ಯ ತೆಗೀಬೇಕು. ಶಂಕರರು ಮಾ ಫಲೇಷು ಅನ್ನೋದನ್ನ ಫಲಗಳಲ್ಲಿ ಅಧಿಕಾರ ಬೇಡ ಅಂತ ಹೇಳಿ, ಕರ್ಮಫಲದ ತೃಷ್ಣೆ ಯಾವತ್ತೂ ಬೇಡ ಅಂತ ಬಿಡಿಸ್ತಾರೆ. ಆಸೆ ಅಲ್ಲಿಂದ ಇಳಿದು ಬಂದಿದೆ, ಗಾಳಿಯಿಂದ ಬಂದಿಲ್ಲ. ಅದೇ ಶಂಕರರು "ಕರ್ಮಣ್ಯೇವ" ಹತ್ರ, ಜ್ಞಾನನಿಷ್ಠೆಯಲ್ಲಿ ಅಲ್ಲ ಅಂತಲೂ ಸೇರಿಸ್ತಾರೆ. ರಾಮಾನುಜರು ಇದೇ ಮಾತನ್ನ ಮುಮುಕ್ಷುವಿಗೆ, ಅಂದ್ರೆ ಮೋಕ್ಷ ಬಯಸೋನಿಗೆ, ಹೇಳಿದ್ದು ಅಂತ ಓದ್ತಾರೆ. ಅಂದ್ರೆ ಅನುವಾದದಲ್ಲಿ ಹೆಚ್ಚಿಗೆ ಕಂಡ ಪದ ಯಾವ ಆಚಾರ್ಯರ ಕಡೆಯದು ಅಂತ ಪತ್ತೆಯಾದ್ರೆ, ಅನುವಾದಕರು ಯಾರ ಕನ್ನಡಕ ಹಾಕ್ಕೊಂಡಿದ್ದಾರೆ ಅಂತಲೂ ಗೊತ್ತಾಗುತ್ತೆ.

ದೇವರು ಮಾತ್ರ ಈ ಶ್ಲೋಕದಲ್ಲಿ ಇಲ್ಲ. ಫಲ ಕೊಡೋನು ಈಶ್ವರ ಅನ್ನೋ ವಾದ ಬ್ರಹ್ಮಸೂತ್ರದ "ಫಲಮತ ಉಪಪತ್ತೇಃ" (3.2.38) ಸೂತ್ರದಲ್ಲಿದೆ, ಕರ್ಮವನ್ನೆಲ್ಲ ನನಗೆ ಒಪ್ಪಿಸು ಅನ್ನೋದು ಗೀತೆಯಲ್ಲೇ ಮುಂದೆ 3.30ರಲ್ಲಿ ಬರುತ್ತೆ. ಬೇರೆ ಕಡೆ ಇರೋ ಮಾತನ್ನ ಇಲ್ಲಿಗೆ ತಂದು ಕೂರಿಸಿದ್ದಾರೆ ಅಷ್ಟೆ. ಆ ಸಿದ್ಧಾಂತ ಸುಳ್ಳು ಅಂತಲ್ಲ, ಈ 15 ಪದಗಳು ಅದನ್ನ ಹೇಳ್ತಿಲ್ಲ.

ಎರಡೂ ಸರಿ ಇರೋ ಜಾಗ

ಕರ್ಮಫಲಹೇತುಃ ಹತ್ರ ಬಂದಾಗ ಸ್ವಲ್ಪ ನಿಧಾನ. "ಕರ್ಮಫಲಕ್ಕೆ ಕಾರಣ ಆಗಬೇಡ" ಅಂತ ಒಂದು ಅನುವಾದ, "ಕರ್ಮಫಲವೇ ಪ್ರೇರಣೆ ಆದವನು ಆಗಬೇಡ" ಅಂತ ಇನ್ನೊಂದು. ಮೊದಲನೇದು ತತ್ಪುರುಷ ಸಮಾಸ, ಎರಡನೇದು ಬಹುವ್ರೀಹಿ, ಹೇತು ಪುಲ್ಲಿಂಗ ಆಗಿರೋದ್ರಿಂದ ಎರಡಕ್ಕೂ ರೂಪ ಒಂದೇ. ಶಂಕರರದು ಮೊದಲನೇ ದಾರಿ. ನಾನು ಒಂದ್ಸಲ ಎರಡನೇದನ್ನ ನೋಡಿ "ಪ್ರೇರಣೆ ಎಲ್ಲಿಂದ ತಂದ್ರು ಇವರು" ಅಂತ ದೊಡ್ಡದಾಗಿ ಗೀಟು ಹಾಕಿ, ಆಮೇಲೆ ಸಮಾಸ ಬಿಡಿಸಿ ನೋಡಿ ರಬ್ಬರ್ ಹುಡುಕಿದ್ದೆ.

ಇಷ್ಟೆಲ್ಲ ಆದಮೇಲೆ ನನ್ನ ನೋಟ್‌ಬುಕ್‌ನಲ್ಲಿ ಉಳಿದಿರೋ ಅನುವಾದ ಹೀಗಿದೆ: "ಕರ್ಮದಲ್ಲಿ ಮಾತ್ರ ನಿನಗೆ ಹಕ್ಕು, ಫಲಗಳಲ್ಲಿ ಎಂದೂ ಬೇಡ. ಕರ್ಮಫಲಕ್ಕೆ ಕಾರಣ ಆಗಬೇಡ, ಕರ್ಮ ಮಾಡದಿರೋದಕ್ಕೂ ಅಂಟಿಕೊಳ್ಳಬೇಡ." ಕೇಳೋಕೆ ಮೊದಲಿನಷ್ಟು ಇಂಪಾಗಿಲ್ಲ, ಒಪ್ತೀನಿ. "ಕಾರಣ" ಅನ್ನೋದರ ಮೇಲೆ ಒಂದು ಚುಕ್ಕೆ ಇಟ್ಟು ಪಕ್ಕದಲ್ಲಿ ಬಹುವ್ರೀಹಿ ಅರ್ಥಾನೂ ಬರ್ಕೊಂಡಿದೀನಿ.