ಅಲಾಯ್ ವೀಲ್ ಬದಲಿಸಿದರೆ ನಟ್‌ನ ಬುಡ ನೋಡಿ

ಹೊರಗಡೆ ಕೊಂಡ ಅಲಾಯ್ ವೀಲ್‌ಗೆ ಹಳೆಯ ನಟ್ ಹಾಕುವ ಮುನ್ನ ಅದರ ಬುಡಕ್ಕೆ ಮಾರ್ಕರ್ ಬಳಿದು, ಶಾಯಿ ಒಣಗುವ ಮೊದಲೇ ಬಿಚ್ಚಿಟ್ಟ ವೀಲ್‌ನ ತೂತಿಗೆ ಕೈಯಲ್ಲೇ ಒತ್ತಿ ಅರ್ಧ ಸುತ್ತು ತಿರುಗಿಸಿ. ತೂತಿನ ಅಂಚಿನಲ್ಲಿ ಅಗಲವಾದ ಪಟ್ಟಿ ಮೂಡಿದರೆ ಸರಿ. ದಾರದಷ್ಟು ಸಣ್ಣ ಗೆರೆ ಬಂದರೆ ಆ ನಟ್ ಬೇಡವೇ ಬೇಡ. ಹೋಂಡಾ ಕಾರುಗಳಲ್ಲಿ ಇದು ಮುಖ್ಯ: ಕಂಪನಿಯ ವೀಲ್‌ಗೆ ಬರುವುದು ಚೆಂಡಿನಂತೆ ದುಂಡಗಿನ ಬುಡದ ನಟ್, ಹೊರಗಿನ ಅಲಾಯ್‌ಗೆ ಸಾಮಾನ್ಯವಾಗಿ ಬೇಕಾಗುವುದು 60 ಡಿಗ್ರಿ ಶಂಕುವಿನಾಕಾರದ್ದು. ಎರಡರ ಥ್ರೆಡ್ಡೂ ಒಂದೇ ಆದ್ದರಿಂದ ನಟ್ ಸಲೀಸಾಗಿ ಕೂರುತ್ತದೆ, ಟಾರ್ಕ್ ವ್ರೆಂಚೂ ಸರಿ ಎನ್ನುತ್ತದೆ. ಆದರೆ ಒತ್ತಡವೆಲ್ಲ ಆ ಸಣ್ಣ ಗೆರೆಯ ಮೇಲೇ ಬಿದ್ದು ಮೆತ್ತನೆಯ ಅಲ್ಯೂಮಿನಿಯಂ ತಗ್ಗುತ್ತದೆ, ಓಡುತ್ತಾ ನಟ್ ಸಡಿಲವಾಗುತ್ತದೆ. ವಾಷರ್ ಇರುವ ಚಪ್ಪಟೆ ನಟ್ಟಂತೂ ಇಳಿಜಾರು ತೂತಿಗೆ ವೀಲನ್ನು ನಡುವಿಗೆ ತರುವುದೇ ಇಲ್ಲ. ಸ್ಟೀಲ್ ಸ್ಟೆಪ್ನಿಯಲ್ಲಿ ನಟ್ ಬುಡ ಕೂರುವ ಸೀಟಿನ ಆಕಾರ ಬೇರೆಯಾಗಿದ್ದರೆ ಅದರ ನಟ್‌ಗಳನ್ನು ಡಿಕ್ಕಿಯಲ್ಲೇ ಇಡಿ. ಸೀಟು ಈಗಾಗಲೇ ಸವೆದಿದ್ದರೆ ಅಥವಾ ಅದರ ಮೇಲೆ ದಪ್ಪ ಪೇಂಟ್ ಇದ್ದರೆ ಈ ಗುರುತನ್ನು ನಂಬಬೇಡಿ. ಥ್ರೆಡ್ ಹೊಂದುತ್ತದೆಯೇ ಎಂಬುದೂ ಇದರಿಂದ ತಿಳಿಯದು. ನೋಡಿದ ಮೇಲೆ ಶಾಯಿ ಒರೆಸಿ, ಗ್ರೀಸ್ ಹಚ್ಚದೆ ಬಿಗಿಮಾಡಿ, ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಟಾರ್ಕ್ ನೋಡಿ.