ಬಳ್ಳಿ ಕತ್ತರಿಸೋದಕ್ಕೆ ಮುಂಚಿನ ಒಂದು ನಿಮಿಷ

ನಾನು ಮಂಡ್ಯ ಜಿಲ್ಲೆಯ ಒಂದು ಸಮುದಾಯ ಆರೋಗ್ಯ ಕೇಂದ್ರದಲ್ಲಿ ಸ್ಟಾಫ್ ನರ್ಸ್. ಸರ್ವೀಸಿನ ಬಹುಪಾಲು ಹೆರಿಗೆ ಕೋಣೆಯಲ್ಲೇ ಕಳೆದಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಗು ಹೊರಗೆ ಬಂತು ಅಂದರೆ ನನ್ನ ಕೈ ಮೊದಲು ಹೋಗುತ್ತಿದ್ದುದು ಕ್ಲ್ಯಾಂಪಿಗೆ. ಹೊಕ್ಕಳುಬಳ್ಳಿಗೆ ಎರಡು ಕ್ಲ್ಯಾಂಪ್, ನಡುವೆ ಕತ್ತರಿ, ಆಮೇಲೆ ಮಗುವಿನ ಬಾಯಿಗೆ ಮೂಗಿಗೆ ಟ್ಯೂಬ್ ಹಾಕಿ ಒಳಗಿನ ನೀರು ಎಳೆಯುವ ಸಕ್ಷನ್, ಕಾಲು ಹಿಡಿದು ಎತ್ತಿ ಬೆನ್ನಿಗೆ ಎರಡು ಏಟು. ಹಾಗೇ ಕಲಿಸಿದ್ದರು, ಹಾಗೇ ಮಾಡುತ್ತಿದ್ದೆ. ಬೇಗ ಕತ್ತರಿಸಿದಷ್ಟೂ ಚುರುಕು ಸಿಸ್ಟರ್ ಅಂತ ಹೆಸರು ಬೇರೆ.

ಆಮೇಲೆ ನವಜಾತ ಶಿಶು ಸುರಕ್ಷಾ ತರಬೇತಿಗೆ ಕಳಿಸಿದರು. ಅಲ್ಲಿ ಗೊಂಬೆ ಇಟ್ಟುಕೊಂಡು ಎರಡು ದಿನ ಒಂದೇ ಕೆಲಸ. ಮರೆಯಬೇಕಾದ್ದೇ ಜಾಸ್ತಿ ಇತ್ತು.

ಈಗ ಮಗು ಬಂದ ಕೂಡಲೇ ಗೋಡೆ ಗಡಿಯಾರ ನೋಡಿ ಟೈಮ್ ಜೋರಾಗಿ ಹೇಳುತ್ತೇನೆ. ಮಗುವನ್ನು ತಾಯಿಯ ಹೊಟ್ಟೆ ಮೇಲೆ ಹಾಸಿದ ಬೆಚ್ಚಗಿನ ಬಟ್ಟೆ ಮೇಲೆ ಮಲಗಿಸಿ ಒರೆಸುತ್ತೇನೆ. ತಲೆ, ಬೆನ್ನು, ಕೈಕಾಲು. ಒದ್ದೆ ಬಟ್ಟೆ ತೆಗೆದು ಬಿಸಾಕಿ ಇನ್ನೊಂದು ಒಣ ಬಟ್ಟೆ ಹೊದಿಸುತ್ತೇನೆ. ಈ ಎರಡನೇ ಬಟ್ಟೆಯನ್ನು ಬಹಳ ಜನ ಮರೆಯುತ್ತಾರೆ. ಒದ್ದೆ ಬಟ್ಟೆ ಸುತ್ತಿಟ್ಟರೆ ಒರೆಸಿಯೂ ಸುಖವಿಲ್ಲ, ಸ್ನಾನ ಮಾಡಿ ಒದ್ದೆ ಸೀರೆಯಲ್ಲೇ ನಿಂತ ಹಾಗೆ. ಮೈಮೇಲಿನ ಬಿಳಿ ಜಿಡ್ಡನ್ನು ಮಾತ್ರ ತಿಕ್ಕಿ ತೆಗೆಯುವುದಿಲ್ಲ, ಅದು ಇರಲಿ.

ಒರೆಸುವುದರಿಂದ ಇನ್ನೊಂದು ಲಾಭ ಇದೆ. ಬಹುಪಾಲು ಮಕ್ಕಳು ಆ ತಿಕ್ಕಾಟಕ್ಕೇ ಅತ್ತುಬಿಡುತ್ತವೆ. ಅತ್ತ ಮಗುವಿಗೆ ಸಕ್ಷನ್ ಬೇಕಾಗಿಲ್ಲ. ಗಂಟಲೊಳಗೆ ಟ್ಯೂಬ್ ಆಳಕ್ಕೆ ಹೋದರೆ ಎದೆ ಬಡಿತವೇ ನಿಧಾನವಾಗಬಹುದು. ಆಗ ಚೆನ್ನಾಗಿದ್ದ ಮಗುವನ್ನು ನಾವೇ ಕೆಡಿಸಿದ ಹಾಗಾಯಿತು, ಅಲ್ವಾ?

ಮಗು ಅತ್ತಿತು, ಉಸಿರಾಡುತ್ತಿದೆ ಅಂದರೆ ಆಮೇಲೆ ಕಾಯುವ ಕೆಲಸ. ಕಡಿಮೆ ಅಂದರೂ ಒಂದು ನಿಮಿಷ ಬಳ್ಳಿ ಕತ್ತರಿಸುವುದಿಲ್ಲ. ಸಾಮಾನ್ಯವಾಗಿ ಎರಡು ಮೂರು ನಿಮಿಷ, ಬೆರಳಿಗೆ ಸಿಗುವ ಮಿಡಿತ ನಿಲ್ಲುವವರೆಗೆ ಬಿಡುತ್ತೇನೆ. ಹುಟ್ಟಿದ ಗಳಿಗೆಯಲ್ಲಿ ಮಗುವಿನ ರಕ್ತದಲ್ಲಿ ಸುಮಾರು ಮೂರನೇ ಒಂದು ಪಾಲು ಇನ್ನೂ ಮಾಸಿನಲ್ಲೇ ಇರುತ್ತದೆ. ಕಾದರೆ ಅದರಲ್ಲಿ 80ರಿಂದ 100 ಮಿಲಿ ಮಗುವಿಗೆ ಬರುತ್ತದೆ. ಮೂರು ಕೆಜಿ ಮಗುವಿಗೆ ಅದು ಸಣ್ಣ ಪ್ರಮಾಣವಲ್ಲ. ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣಾಂಶವೂ ಅದರ ಜೊತೆಗೇ ಬರುತ್ತದೆ. ಕೆಲವು ಮಕ್ಕಳಿಗೆ ಕಾಮಾಲೆ ಸ್ವಲ್ಪ ಜಾಸ್ತಿ ಕಾಣಬಹುದು, ಅದಕ್ಕೆ ಮೈ ಕಣ್ಣಿನ ಬಣ್ಣ ನೋಡುತ್ತಾ ಇರುತ್ತೇವೆ. ಕಾಯುತ್ತಾ ಕೂತರೆ ತಾಯಿಗೆ ರಕ್ತ ಹೋಗಲ್ವಾ ಅಂತ ಹೊಸ ಸಿಸ್ಟರ್‌ಗಳು ಕೇಳುತ್ತಾರೆ. ಇಲ್ಲ. ಒಳಗೆ ಇನ್ನೊಂದು ಮಗು ಇಲ್ಲ ಅಂತ ನೋಡಿಕೊಂಡು, ಒಂದು ನಿಮಿಷದೊಳಗೆ ತಾಯಿಯ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡುತ್ತೇವೆ. ಅದಕ್ಕೂ ಬಳ್ಳಿ ಕತ್ತರಿಸುವುದಕ್ಕೂ ಸಂಬಂಧವಿಲ್ಲ.

ಕಷ್ಟ ಇರುವುದು ಮಗು ಅಳದೇ ಇದ್ದಾಗ. ಆಗ ಕಾಯಬೇಕೋ ಕತ್ತರಿಸಬೇಕೋ? ಜನವರಿಯ ಒಂದು ಬೆಳಗಿನ ಜಾವ ಈ ಪ್ರಶ್ನೆ ನನ್ನ ಕೈಯಲ್ಲೇ ಇತ್ತು.

ಎರಡನೇ ಹೆರಿಗೆಯ ಹೆಣ್ಣುಮಗಳು. ಕಬ್ಬು ಕಡಿಯುವ ಮನೆಯವರು, ಸೊಸೆ ಜೊತೆ ಅತ್ತೆ ಬಂದಿದ್ದರು. ತಿಂಗಳು ತುಂಬಿತ್ತು, ನೀರು ತಿಳಿಯಾಗಿತ್ತು, ತೊಂದರೆಯ ಸುಳಿವೇ ಇರಲಿಲ್ಲ. ಆದರೂ ಎಲ್ಲ ಹೆರಿಗೆಗೂ ಮಾಡುವ ಹಾಗೆ ಅರ್ಧ ಗಂಟೆ ಮುಂಚೆ, ಮಗುವನ್ನು ಬೆಚ್ಚಗಿಡುವ ವಾರ್ಮರ್ ಹಾಕಿಸಿದ್ದೆ. ಬಟ್ಟೆಗಳನ್ನು ಅದರ ಕೆಳಗೇ ಇಟ್ಟಿದ್ದೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿದ್ದೆ. ಕೈಯಲ್ಲಿ ಹಿಂಡಿ ಮಗುವಿಗೆ ಉಸಿರು ಕೊಡುವ ಬ್ಯಾಗ್‌ಗೆ ಒಂದನೇ ನಂಬರ್ ಮಾಸ್ಕ್ ಹಾಕಿ, ಅಂಗೈಗೆ ಒತ್ತಿಹಿಡಿದು ಹಿಂಡಿ, ಸೋರುತ್ತಿಲ್ಲ ಅಂತ ನೋಡಿಟ್ಟಿದ್ದೆ. ಯಾವ ಮಗು ಅಳುವುದಿಲ್ಲ ಅಂತ ಮೊದಲೇ ಗೊತ್ತಾಗುವುದಿಲ್ಲ, ಅದಕ್ಕೇ.

4 ಗಂಟೆ 12 ನಿಮಿಷಕ್ಕೆ ಮಗು ಬಂತು. ಕುತ್ತಿಗೆಗೆ ಬಳ್ಳಿ ಒಂದು ಸುತ್ತು ಸಡಿಲವಾಗಿ ಸುತ್ತಿತ್ತು, ತಲೆ ಮೇಲಿಂದ ಜಾರಿಸಿದೆ. ತಾಯಿಯ ಹೊಟ್ಟೆ ಮೇಲೆ ಮಲಗಿಸಿ ಒರೆಸಿದೆ. ಸದ್ದಿಲ್ಲ. ಕೈಕಾಲು ಒದ್ದೆ ಬಟ್ಟೆಯ ಹಾಗೆ ಜೋಲು. ಕೈಕಾಲು ಮಾತ್ರ ನೀಲಿ ಇದ್ದರೆ ಹೆದರುವುದಿಲ್ಲ, ಇದರ ತುಟಿ ನಾಲಿಗೆಯೂ ನೀಲಿ. ಬೆನ್ನುಹುರಿ ಉದ್ದಕ್ಕೂ ಅಂಗೈಯಿಂದ ಎರಡು ಮೂರು ಸಲ ಉಜ್ಜಿದೆ. ಒಂದು ಸಲ ಬಾಯಿ ಕಳೆದು ತೇಕಿತು, ಮತ್ತೆ ಸುಮ್ಮನಾಯಿತು.

"ಉಸ್ರಾಡ್ತು ಕಣವ್ವ!" ಅಂದರು ಬಾಗಿಲಲ್ಲಿದ್ದ ಅತ್ತೆ.

ಅದು ಉಸಿರಲ್ಲ. ಹಾಗೆ ಬಿಟ್ಟು ಬಿಟ್ಟು ತೇಕುವುದನ್ನು ಉಸಿರು ಅಂತ ಲೆಕ್ಕಕ್ಕೆ ತೆಗೆದುಕೊಂಡು ಕೂತರೆ ಮಗು ಕೈತಪ್ಪುತ್ತದೆ. ಬಳ್ಳಿ ಮುಟ್ಟಿದೆ, ಮಿಡಿಯುತ್ತಿತ್ತು, ಆದರೆ ನಿಧಾನ. ಇಲ್ಲೇ ಒಂದು ಆಸೆ ಹುಟ್ಟುತ್ತದೆ. ಮಿಡಿತ ಇದೆ, ಅಮ್ಮನಿಂದ ಇನ್ನೂ ಆಕ್ಸಿಜನ್ ಬರುತ್ತಿರಬಹುದು, ಇನ್ನರ್ಧ ನಿಮಿಷ ನೋಡೋಣ ಅಂತ. ಹಾಗೆ ನೋಡಬಾರದು. ಹೊರಗೆ ಬಂದ ಮೇಲೆ ಗರ್ಭಕೋಶ ಬಿಗಿಯುತ್ತದೆ, ಮಾಸು ಯಾವಾಗ ಬೇಕಾದರೂ ಬಿಡಬಹುದು. ಈ ಮಗುವಿಗೆ ಬೇಕಾಗಿರುವುದು ಶ್ವಾಸಕೋಶಕ್ಕೆ ಗಾಳಿ, ಅದೂ ಮೊದಲ ನಿಮಿಷದೊಳಗೆ. ಬಳ್ಳಿ ಇಟ್ಟುಕೊಂಡೇ ತಾಯಿಯ ಪಕ್ಕದಲ್ಲಿ ಬ್ಯಾಗ್ ಕೊಡುವ ವ್ಯವಸ್ಥೆ ನಮ್ಮಲ್ಲಿಲ್ಲ, ವಾರ್ಮರ್ ಇರುವುದು ಮೂಲೆಯಲ್ಲಿ. ಹಾಗಾಗಿ ಒರೆಸಿ, ಬೆನ್ನುಜ್ಜಿದ ಮೇಲೂ ಉಸಿರಿಲ್ಲ ಅಂದರೆ ಕತ್ತರಿಸುವುದೇ. ಕತ್ತರಿಸಿದೆ. ಆಗ ಸುಮಾರು 40 ಸೆಕೆಂಡ್ ಆಗಿತ್ತು. ತಾಯಿಯನ್ನು ಇನ್ನೊಬ್ಬ ಸಿಸ್ಟರ್ ನೋಡಿಕೊಂಡರು. ಆಯಮ್ಮ ಡಾಕ್ಟರಿಗೆ ಫೋನ್ ಹಚ್ಚಿದರು.

ಬಾಯಲ್ಲಿ ಏನೂ ಕಾಣಲಿಲ್ಲ, ಸಕ್ಷನ್ ಮಾಡಲಿಲ್ಲ. ಇದ್ದಿದ್ದರೆ ಮೊದಲು ಬಾಯಿ, ಆಮೇಲೆ ಮೂಗು. ಮೂಗಿಗೆ ಮೊದಲು ಹಾಕಿದರೆ ಮಗು ಬೆಚ್ಚಿ ಉಸಿರೆಳೆದು ಬಾಯಲ್ಲಿರುವುದನ್ನು ಒಳಗೆ ಎಳೆದುಕೊಳ್ಳಬಹುದು. ನಿಮಿಷ ತುಂಬುವುದಕ್ಕೆ ಮುಂಚೆ ಮಾಸ್ಕ್ ಇಟ್ಟು ಬ್ಯಾಗ್ ಒತ್ತಿದೆ, ಬರೀ ಕೋಣೆಯ ಗಾಳಿ. ತಿಂಗಳು ತುಂಬಿದ ಮಗುವಿಗೆ ಶುರುವಿಗೆ ಅಷ್ಟು ಸಾಕು.

ಒಂದು, ಎರಡು, ಐದು ಸಲ ಒತ್ತಿದೆ. ಎದೆ ಏಳಲಿಲ್ಲ.

ಬ್ಯಾಗ್ ಒತ್ತುತ್ತಾ ಇದ್ದೇವೆ, ಸದ್ದು ಬರುತ್ತಿದೆ, ಎಲ್ಲ ಸರಿ ಇದೆ ಅನ್ನಿಸುತ್ತದೆ. ಆದರೆ ಎದೆ ಏಳದೆ ಕೊಟ್ಟ ಉಸಿರು ಮಗುವಿಗೆ ಸೇರಿದ್ದಲ್ಲ. ಮೊದಲ ಅನುಮಾನ ಯಾವಾಗಲೂ ಮಾಸ್ಕ್ ಮೇಲೆ. ತೆಗೆದು ಮತ್ತೆ ಇಟ್ಟೆ. ಗದ್ದದ ತುದಿ, ಬಾಯಿ, ಮೂಗು ಒಳಗೆ, ಕಣ್ಣು ಹೊರಗೆ. ಹೆಬ್ಬೆರಳು ತೋರುಬೆರಳಿನಿಂದ ಮಾಸ್ಕ್ ಒತ್ತಿ, ಉಳಿದ ಬೆರಳಿಂದ ದವಡೆ ಎತ್ತಿ ಹಿಡಿದೆ. ಮತ್ತೆ ಒತ್ತಿದೆ. ಇಲ್ಲ.

ಆಗ ಕಣ್ಣು ಕುತ್ತಿಗೆಗೆ ಹೋಯಿತು. ಭುಜದ ಕೆಳಗೆ ಇಡುವ ಬಟ್ಟೆಯನ್ನು ಅವಸರದಲ್ಲಿ ನಾನೇ ನಾಲ್ಕು ಮಡಿಕೆ ಮಾಡಿ ತುರುಕಿದ್ದೆ. ತಲೆ ಹಿಂದಕ್ಕೆ ಬಿದ್ದು ಗಂಟಲು ಬಿಲ್ಲಿನ ಹಾಗೆ ಬಗ್ಗಿತ್ತು. ಗದ್ದ ಎದೆಗೆ ತಾಗಿದರೆ ಗಾಳಿದಾರಿ ಮುಚ್ಚುತ್ತದೆ ಅಂತ ಎಲ್ಲರಿಗೂ ಗೊತ್ತು. ಜಾಸ್ತಿ ಹಿಂದಕ್ಕೆ ಬಾಗಿದರೂ ಮುಚ್ಚುತ್ತದೆ. ಮಲ್ಲಿಗೆ ಮೂಸಿ ನೋಡುವವರ ಮುಖ ಹೇಗೆ ಸ್ವಲ್ಪವೇ ಮುಂದಕ್ಕೆ, ಮೇಲಕ್ಕೆ ಇರುತ್ತದೋ ಅಷ್ಟಿದ್ದರೆ ಸಾಕು. ಅದಕ್ಕೆ ಬಟ್ಟೆ ಒಂದಂಗುಲ ದಪ್ಪಕ್ಕಿಂತ ಜಾಸ್ತಿ ಇರಬಾರದು. ಮಡಿಕೆ ಬಿಡಿಸಿ ತಲೆ ಸರಿಮಾಡಿ ಒತ್ತಿದೆ. ಎದೆ ಎದ್ದಿತು. ಸಣ್ಣಗೆ, ನಿದ್ದೆ ಮಾಡುವ ಮಗುವಿನ ಎದೆ ಏಳುವಷ್ಟು.

ಅಲ್ಲಿಂದ ಲೆಕ್ಕ ಶುರು. "ಒತ್ತು, ಎರಡು, ಮೂರು, ಒತ್ತು, ಎರಡು, ಮೂರು" ಅಂತ ಬಾಯಲ್ಲಿ ಹೇಳುತ್ತಾ ಒತ್ತಿದರೆ ನಿಮಿಷಕ್ಕೆ 40ರಿಂದ 60 ಸಲ ಆಗುತ್ತದೆ. ಜೋರಾಗಿ ಹೇಳಬೇಕು, ಮನಸ್ಸಲ್ಲೇ ಎಣಿಸಿದರೆ ಗಾಬರಿಯಲ್ಲಿ ಓಡಿಬಿಡುತ್ತೇವೆ. 30 ಸೆಕೆಂಡ್ ಆದ ಮೇಲೆ ಬಳ್ಳಿಯ ಬುಡ ಹಿಡಿದು 6 ಸೆಕೆಂಡ್ ಎಣಿಸಿದೆ. 8 ಬಂತು. ಹತ್ತರಿಂದ ಗುಣಿಸಿದರೆ 80. ನೂರಕ್ಕಿಂತ ಕಡಿಮೆ, ಹಾಗಾಗಿ ನಿಲ್ಲಿಸುವಂತಿಲ್ಲ, ಆಕ್ಸಿಜನ್ ಜೋಡಿಸಿ ಮುಂದುವರಿಸಿದೆ. 60ಕ್ಕೂ ಕೆಳಗೆ ಇದ್ದಿದ್ದರೆ ಎದೆ ಒತ್ತಬೇಕಿತ್ತು, ಮೂರು ಒತ್ತಿಗೆ ಒಂದು ಉಸಿರಿನ ಲೆಕ್ಕದಲ್ಲಿ. ಆದರೆ ಅದೂ ಎದೆ ಏಳುವ ಹಾಗೆ 30 ಸೆಕೆಂಡ್ ಗಾಳಿ ಕೊಟ್ಟ ಮೇಲೆಯೇ. ಮೊದಲು ನಾನು ಒತ್ತಿದ ಹುಸಿ ಉಸಿರುಗಳನ್ನು ಆ 30 ಸೆಕೆಂಡಿಗೆ ಸೇರಿಸುವ ಹಾಗಿಲ್ಲ.

ಮುಂದಿನ ಸಲ ಎಣಿಸಿದಾಗ 12. ಅಂದರೆ 120. ನಾಲಿಗೆ ಕೆಂಪಗಾಗುತ್ತಿತ್ತು. ಮಗು ತಾನೇ ಉಸಿರೆಳೆಯಲು ನೋಡಿತು, ಆದರೂ ಬ್ಯಾಗ್ ತೆಗೆಯಲಿಲ್ಲ, ಅದರ ಉಸಿರಿನ ಜೊತೆಗೇ ಒತ್ತುತ್ತಾ ನಿಧಾನ ಮಾಡಿದೆ. 4 ಗಂಟೆ 15ಕ್ಕೆ ಅತ್ತಿತು. ಬಾಗಿಲಲ್ಲಿ ಅತ್ತೆ ಕೂತುಬಿಟ್ಟರು.

ಆಮೇಲೆ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 36.1. ವಾರ್ಮರ್ ಕೆಳಗೇ ಇದ್ದ ಮಗು! ಕುತ್ತಿಗೆ ಸರಿಮಾಡುವ ಗಡಿಬಿಡಿಯಲ್ಲಿ ನನ್ನ ತಲೆಯೇ ಹೀಟರ್‌ಗೆ ಅಡ್ಡ ಬಂದಿತ್ತೋ ಏನೋ. 36.5ಕ್ಕಿಂತ ಕೆಳಗೆ ಇರಬಾರದು. ಡಾಕ್ಟರ್ ಬಂದು ನೋಡಿದರು, ಉಸಿರಾಟ ಸಮ ಇತ್ತು. ತಾಯಿಯ ಬರಿ ಎದೆಗೆ ಮಗುವನ್ನು ಅಂಟಿಸಿ ಮಲಗಿಸಿ, ತಲೆಗೆ ಟೋಪಿ ಹಾಕಿ, ಮೇಲೆ ಕಂಬಳಿ ಹೊದಿಸಿದೆವು. ಮುಕ್ಕಾಲು ಗಂಟೆಯಲ್ಲಿ 36.7 ಆಯಿತು. ಅಷ್ಟರಲ್ಲಿ ಮೊಲೆಯನ್ನೂ ಬಾಯಿಗೆ ತೆಗೆದುಕೊಂಡಿತ್ತು. ಒಂದು ಗಂಟೆ ಆದ ಮೇಲೆ ತೂಕ ಮಾಡಿದೆ, 2.7 ಕೆಜಿ. ತೊಡೆಗೆ 1 ಮಿಗ್ರಾಂ ವಿಟಮಿನ್ ಕೆ ಕೊಟ್ಟೆ.

ಒಂದು ನಿಮಿಷಕ್ಕಿಂತ ಜಾಸ್ತಿ ಬ್ಯಾಗ್ ಕೊಟ್ಟ ಮಗುವನ್ನು ಅತ್ತಿತು ಅಂತ ಮನೆಗೆ ಕಳಿಸುವುದಿಲ್ಲ. ಸಕ್ಕರೆ ಅಂಶ ಇಳಿಯಬಹುದು, ಫಿಟ್ಸ್ ಬರಬಹುದು, ಉಸಿರು ಮತ್ತೆ ಕೆಡಬಹುದು. ಬೆಳಗ್ಗೆ 108ರಲ್ಲಿ ತಾಯಿ ಮಗು ಇಬ್ಬರನ್ನೂ ಮಂಡ್ಯದ ದೊಡ್ಡಾಸ್ಪತ್ರೆಗೆ ಕಳಿಸಿದೆವು. ದಾರಿಯುದ್ದಕ್ಕೂ ಮಗು ತಾಯಿಯ ಎದೆ ಮೇಲೇ ಇತ್ತು.

ಹೊರಡುವಾಗ ಅತ್ತೆಗೆ ಎರಡು ಮಾತು ಹೇಳಿದ್ದೆ: ಹೊಕ್ಕಳಿಗೆ ಎಣ್ಣೆ, ಬೂದಿ, ಅರಿಶಿನ ಏನೂ ಹಚ್ಚಬೇಡಿ. ಇವತ್ತು ನೀರು ಹಾಕಬೇಡಿ.

"ಮೈಲಿಗೆ ಅಲ್ವೇನವ್ವ? ಹಂಗೇ ಎತ್ಕಳದಾ?" ಅಂದರು.

"ಅಜ್ಜಿ, ನಾಲ್ಕು ಗಂಟೆ ಚಳೀಲಿ ಅದನ್ನ ಬೆಚ್ಚಗೆ ಮಾಡಕ್ಕೆ ಮುಕ್ಕಾಲು ಗಂಟೆ ಹಿಡೀತು. ನೀವು ನೀರು ಹಾಕಿ ಮತ್ತೆ ತಣ್ಣಗೆ ಮಾಡ್ತೀರಾ?"

ಸ್ವಲ್ಪ ಯೋಚಿಸಿದರು. "ಹಂಗಾರೆ ನಾನೇ ಹೋಗಿ ನೀರು ಹುಯ್ಕತ್ತೀನಿ ಬುಡು" ಅಂದು ಆಂಬುಲೆನ್ಸ್ ಹತ್ತಿದರು.

ನಾನು ಒಳಗೆ ಬಂದು ಬ್ಯಾಗ್ ಬಿಚ್ಚಿ ತೊಳೆಯಲು ಹಾಕಿದೆ. ಭುಜಕ್ಕೆ ಇಡುವ ಬಟ್ಟೆಯನ್ನು ಅವತ್ತೇ ಒಂದಂಗುಲಕ್ಕೆ ಮಡಿಸಿ, ನಾಲ್ಕು ಮೂಲೆಗೂ ಹೊಲಿಗೆ ಹಾಕಿಸಿ ಇಟ್ಟೆ.